ಬಾರದ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು?

ಅಡಿಕೆ ಬೆಳೆಗಾರರಿಗೆ ದಿನದ ಧಾರಣೆ ತೋರಿಸುವ ಒಂದು ವೆಬ್‌ಪುಟ ಇದೆ ಎಂದುಕೊಳ್ಳಿ. ರಾಶಿ, ಬೆಟ್ಟೆ, ಗೊರಬಲು, ಸರಕುಗಳ ದರ ಇರುವುದು ಬೇರೊಂದು ಕಡೆಯ ಸರ್ವರಿನಲ್ಲಿ. ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ ಹದಿನೈದು ನಿಮಿಷಕ್ಕೊಮ್ಮೆ ತಾನಾಗಿ ಓಡಿ, ಅಲ್ಲಿಂದ ದರ ತಂದು ಪುಟವನ್ನು ಹೊಸದು ಮಾಡುತ್ತದೆ. ಹೊತ್ತಿಗೆ ಸರಿಯಾಗಿ ಅದನ್ನು ಎಬ್ಬಿಸುವುದು ಲಿನಕ್ಸ್‌ನ ಕ್ರಾನ್. ಒಂದು ಓಟ ಮುಗಿಯುವ ಮುನ್ನ ಇನ್ನೊಂದು ಶುರುವಾಗದಿರಲಿ ಎಂದು `flock` ಎಂಬ ಬೀಗವನ್ನೂ ಹಾಕಿದ್ದಾರೆ. ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ಗುರುವಾರ ಮಧ್ಯಾಹ್ನ ಬೆಳೆಗಾರರೊಬ್ಬರು ಫೋನ್ ಮಾಡುತ್ತಾರೆ: "ಏನ್ರೀ, ಮೊನ್ನೆಯಿಂದ ಅದೇ ದರ ತೋರಿಸ್ತಾ ಇದೆಯಲ್ಲ?"

ಲಾಗ್ ತೆರೆದರೆ ದೋಷದ ಒಂದು ಸಾಲೂ ಇಲ್ಲ. ಮಂಗಳವಾರ 11:45ಕ್ಕೆ "ದರ ತರಲು ಹೊರಟೆ" ಎಂದು ಬರೆದದ್ದೇ ಕೊನೆ. ಆಮೇಲೆ ಯಂತ್ರದಲ್ಲಿ ಏನೇನು ಓಡುತ್ತಿದೆ ಎಂದು ನೋಡಿದರೆ ಹೀಗೆ ಕಾಣುತ್ತದೆ:

```
$ ps -C python3 -o pid,etime,args
  PID     ELAPSED COMMAND
 4127  2-03:41:12 python3 refresh.py
```

ಎರಡು ದಿನ, ಮೂರು ಗಂಟೆ, ನಲವತ್ತೊಂದು ನಿಮಿಷದಿಂದ ಅದೇ ಓಟ ನಡೆದಿದೆ. ಪ್ರೋಗ್ರಾಂ ಸತ್ತಿಲ್ಲ, ಕಾಯುತ್ತಿದೆ. ಬೀಗ ಅದರ ಕೈಯಲ್ಲೇ ಇರುವುದರಿಂದ ಆಮೇಲೆ ಬಂದ ಓಟಗಳೆಲ್ಲ ಬಾಗಿಲು ಮುಟ್ಟಿ ಸದ್ದಿಲ್ಲದೆ ಹಿಂದಿರುಗಿವೆ. ಬೀಗ ಹಾಕಿದ್ದು ತಪ್ಪಲ್ಲ. ಅದಿಲ್ಲದಿದ್ದರೆ ಸಿಕ್ಕಿಬಿದ್ದ ಓಟಗಳು ಒಂದರ ಮೇಲೊಂದು ಪೇರಿಕೊಂಡು ಯಂತ್ರದ ಮೆಮೊರಿಯನ್ನೇ ನುಂಗುತ್ತಿದ್ದವು.

ಕಾಯುತ್ತಿರುವುದು ಯಾರಿಗಾಗಿ? `ss -tnpo` ಎಂದು ಕೇಳಿದರೆ ಈ ಪ್ರೋಗ್ರಾಂನ ಕನೆಕ್ಷನ್ ಎದುರು `ESTAB` ಎಂದಿರುತ್ತದೆ. ಅಂದರೆ ಈ ಯಂತ್ರದ ಮಟ್ಟಿಗೆ ಸಂಪರ್ಕ ಸುಸ್ಥಿತಿಯಲ್ಲಿದೆ. ಆದರೆ ಅದೇ ಸಾಲಿನ ಕೊನೆಯಲ್ಲಿ `timer` ಎಂಬ ಮಾತೇ ಇರುವುದಿಲ್ಲ. ಇಡೀ ಪ್ರಕರಣದ ಗುಟ್ಟು ಅಲ್ಲಿದೆ: ಈ ಕನೆಕ್ಷನ್‌ಗಾಗಿ ಯಾವ ಗಡಿಯಾರವೂ ಓಡುತ್ತಿಲ್ಲ.

ಇಂಟರ್ನೆಟ್‌ನಲ್ಲಿ ಎರಡು ಯಂತ್ರಗಳ ಮಾತುಕತೆ ನಡೆಸುವ ಟಿಸಿಪಿ ನಿಯಮದ ಪ್ರಕಾರ ಸಂಪರ್ಕ ಮುಗಿಸುವವರು ಹೇಳಿ ಹೋಗಬೇಕು. ಆದರೆ ನಡುವಿನ ರೂಟರ್ ಏಕಾಏಕಿ ರೀಬೂಟ್ ಆದರೆ, ಅಥವಾ ಆ ಕಡೆಯ ಸರ್ವರ್‌ಗೆ ಕರೆಂಟೇ ಹೋದರೆ, ಹೇಳಿ ಹೋಗುವವರು ಯಾರು? ನಾವು ಏನಾದರೂ ಕಳಿಸುತ್ತಿದ್ದರೆ ಅದು ತಲುಪಿಲ್ಲವೆಂದು ನಮ್ಮ ಯಂತ್ರಕ್ಕೆ ತಿಳಿಯುತ್ತದೆ. ಮತ್ತೆ ಮತ್ತೆ ಕಳಿಸಿ, ಲಿನಕ್ಸ್‌ನಲ್ಲಿ ಸುಮಾರು ಹದಿನೈದು ನಿಮಿಷದ ಹೊತ್ತಿಗೆ ಕೈಬಿಡುತ್ತದೆ. ನಮ್ಮ ಪ್ರೋಗ್ರಾಂ ಆ ಹಂತ ದಾಟಿದೆ. ಅದರ ಪ್ರಶ್ನೆ ತಲುಪಿದೆ, ತಲುಪಿತೆಂಬ ರಸೀದಿಯೂ ಬಂದಿದೆ. ಇನ್ನು ಮಾಡಬೇಕಾದ್ದು ಕೇಳಿಸಿಕೊಳ್ಳುವುದಷ್ಟೆ. ಸುಮ್ಮನೆ ಕೇಳಿಸಿಕೊಳ್ಳುವವನಿಗೆ, ಆ ಬದಿಯವರು ಯೋಚಿಸುತ್ತಿದ್ದಾರೋ ಇಲ್ಲವೇ ಆಗಿಹೋಗಿದ್ದಾರೋ ತಿಳಿಯುವ ದಾರಿಯಿಲ್ಲ.

"ಇದ್ದೀಯಾ?" ಎಂದು ಆಗಾಗ ಕೇಳುವ ಕೀಪ್‌ಅಲೈವ್ ಎಂಬ ಏರ್ಪಾಡು ಇದೆಯಲ್ಲ ಎನ್ನಬಹುದು. ಇದೆ. ಆದರೆ 1989ರಲ್ಲಿ ಬಂದ ಆರ್‌ಎಫ್‌ಸಿ 1122 ಎಂಬ ನಿಯಮಾವಳಿ, ಇದು ಮೊದಲಿಗೆ ಆಫ್ ಆಗಿಯೇ ಇರತಕ್ಕದ್ದು, ಆನ್ ಮಾಡಿದರೂ ಮೊದಲ ವಿಚಾರಣೆಗೆ ಎರಡು ಗಂಟೆಯಾದರೂ ಕಾಯತಕ್ಕದ್ದು ಎಂದು ವಿಧಿಸಿತು. ಆಗಿನ ದುಬಾರಿ ತಂತಿಗಳ ಮೇಲೆ ಇಂಥ ಸುಮ್ಮನೆ ಮಾತಿಗೆ ದುಡ್ಡು ಸುರಿಯಬಾರದು, ಅರೆಕ್ಷಣದ ತೊಂದರೆಗೆ ಒಳ್ಳೆಯ ಸಂಪರ್ಕ ಕಡಿಯಬಾರದು ಎಂಬುದು ಅದರ ವಾದ. ಲಿನಕ್ಸ್ ಇವತ್ತಿಗೂ 7200 ಸೆಕೆಂಡ್ ಕಾದು, ಆಮೇಲೆ 75 ಸೆಕೆಂಡಿಗೊಂದರಂತೆ 9 ಬಾರಿ ವಿಚಾರಿಸುತ್ತದೆ. ಅಂದರೆ ಸತ್ತ ಸುದ್ದಿ ಬರಲು 2 ಗಂಟೆ 11 ನಿಮಿಷ, ಅದೂ ಪ್ರೋಗ್ರಾಂ ಕೇಳಿಕೊಂಡಿದ್ದರೆ ಮಾತ್ರ.

ಹಾಗಾಗಿ ಗಡುವು ಹಾಕುವ ಕೆಲಸ ಪ್ರೋಗ್ರಾಂ ಬರೆದವರದು. ಪೈಥಾನ್‌ನಲ್ಲಿ ಹೆಚ್ಚಿನವರು ಬಳಸುವ `requests` ಲೈಬ್ರರಿಗೆ ನಾವು ಗಡುವು ಹೇಳದಿದ್ದರೆ ಅದು ತಾನಾಗಿ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಇದು ಆ ಲೈಬ್ರರಿಯ ಅತಿ ಕೆಟ್ಟ ಉದಾರತೆ ಎಂದು ನನ್ನ ಅಭಿಪ್ರಾಯ. ಒಂದೇ ಸಾಲಿನಲ್ಲಿ ಸರಿಪಡಿಸಬಹುದು:

```
r = requests.get(url, timeout=(3.05, 30))
```

ಮೊದಲ ಅಂಕಿ ಸಂಪರ್ಕ ಸಿಗುವವರೆಗಿನ ಗಡುವು, ಎರಡನೆಯದು ಉತ್ತರಕ್ಕೆ ಕಾಯುವ ಗಡುವು. ಈ 30 ಎಲ್ಲಿಂದ ಬಂತು? ಹಳೆಯ ಲಾಗ್‌ನಿಂದ. ದರದ ಸರ್ವರ್ ಸಾಮಾನ್ಯವಾಗಿ ಎರಡು ಸೆಕೆಂಡಿನಲ್ಲಿ ಉತ್ತರಿಸುತ್ತದೆ, ವಿಪರೀತ ಗದ್ದಲದ ಹೊತ್ತಿನಲ್ಲಿ ಹನ್ನೆರಡು ಹಿಡಿದದ್ದುಂಟು ಎಂದಾದರೆ, ಅದರ ಎರಡೂವರೆ ಪಟ್ಟು ಕೊಟ್ಟರೆ ಸಾಕು. ಐದು ಸೆಕೆಂಡ್ ಇಟ್ಟರೆ ಗದ್ದಲದ ಹೊತ್ತಿನಲ್ಲೆಲ್ಲ ಪ್ರೋಗ್ರಾಂ ಸುಳ್ಳುಸುಳ್ಳೇ ಕೈಬಿಡುತ್ತದೆ. ಮೇಲಾಗಿ ಮತ್ತೆ ಮತ್ತೆ ಕೇಳಿ, ಮೊದಲೇ ಏದುಸಿರು ಬಿಡುತ್ತಿರುವ ಸರ್ವರ್ ಮೇಲೆ ಇನ್ನಷ್ಟು ಹೊರೆ ಹೇರುತ್ತದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡವರು ಮತ್ತೆ ಸಿಕ್ಕಿಬೀಳುತ್ತಾರೆ. ಆ 30 ಸೆಕೆಂಡ್ ಇಡೀ ಉತ್ತರಕ್ಕೆ ಕೊಟ್ಟ ಗಡುವಲ್ಲ. ಏನೂ ಬಾರದೆ ಕಳೆಯುವ ಒಂದೊಂದು ಮೌನಕ್ಕೆ ಕೊಟ್ಟದ್ದು. ನಲ್ಲಿ ಪೂರ್ತಿ ನಿಂತರೆ ಮಾತ್ರ ಈ ಗಡುವಿಗೆ ಗೊತ್ತಾಗುತ್ತದೆ. ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದರೆ ಪ್ರತಿ ಹನಿಗೂ ಎಣಿಕೆ ಸೊನ್ನೆಯಿಂದ ಶುರು. 29 ಸೆಕೆಂಡಿಗೊಂದು ಅಕ್ಷರ ಕಳಿಸುವ ರೋಗಿಷ್ಠ ಸರ್ವರ್ ಎದುರಾದರೆ ಓಟ ದಿನಗಟ್ಟಲೆ ನಡೆಯಬಹುದು. ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಹಂತವೂ ಈ ಗಡುವಿನ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೇ ಹೊರಗಿನಿಂದ ಇನ್ನೊಂದು ಗಡುವು ಬೇಕು. ಒಳಗೆ ಏನು ನಡೆದಿದೆ ಎಂದು ವಿಚಾರಿಸದೆ, ಹೊತ್ತು ಮೀರಿದೊಡನೆ ಎಬ್ಬಿಸಿ ಕಳಿಸುವಂಥದು. ಲಿನಕ್ಸ್‌ನ `timeout` ಆಜ್ಞೆ ಅದನ್ನೇ ಮಾಡುತ್ತದೆ:

```
*/15 * * * * flock -n /tmp/dhara.lock timeout -k 30s 5m python3 /srv/refresh.py
```

ಐದು ನಿಮಿಷವಾದರೆ ಮರ್ಯಾದೆಯಿಂದ "ನಿಲ್ಲಿಸು" ಎನ್ನುತ್ತದೆ, ಮತ್ತೆ 30 ಸೆಕೆಂಡ್ ಕಾದರೂ ಅಲುಗದಿದ್ದರೆ ಮುಲಾಜಿಲ್ಲದೆ ಕೊಲ್ಲುತ್ತದೆ. ಪ್ರೋಗ್ರಾಂ ಮೂರು ಸಲ ಪ್ರಯತ್ನಿಸುವಂತಿದ್ದರೆ ಸಾಮಾನ್ಯವಾಗಿ ಹೆಚ್ಚೆಂದರೆ ನೂರು ಸೆಕೆಂಡ್ ಹಿಡಿಯುತ್ತದೆ. ಐದು ನಿಮಿಷ ಅದಕ್ಕೆ ಧಾರಾಳ, ಹದಿನೈದು ನಿಮಿಷದ ಮುಂದಿನ ಸರದಿಗೂ ಅಡ್ಡಿಯಿಲ್ಲ. ಒಂದು ಓಟ ಹಾಳಾದರೆ ನಷ್ಟ ಒಂದೇ ಸರದಿ. ಕ್ರಾನ್ ಬಿಟ್ಟು ಸಿಸ್ಟಮ್‌ಡಿ ಬಳಸುವವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಅಲ್ಲಿ ಇಂಥ ಕೆಲಸಕ್ಕೆ ಬಳಸುವ `Type=oneshot` ಬಗೆಗೆ ತಾನಾಗಿ ಗಡುವಿರುವುದಿಲ್ಲ. `TimeoutStartSec=5min` ಎಂದು ಬರೆದುಕೊಡಬೇಕು.

ನಡುವೆಯೇ ಕೊಲ್ಲಿಸಿಕೊಳ್ಳುವ ಪ್ರೋಗ್ರಾಂ ಎಂದಮೇಲೆ ಅದು ಪುಟದ ಫೈಲನ್ನು ನೇರವಾಗಿ ತಿದ್ದಬಾರದು. ದರಗಳನ್ನು ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆದು, ಕೊನೆಗೆ ಹೆಸರು ಬದಲಿಸಿದರೆ ಸಾಕು. ಹೆಸರು ಬದಲಾಗುವುದು ಒಂದೇ ಏಟಿಗೆ. ಹಾಗೆ ಮಾಡದಿದ್ದರೆ ರಾಶಿಗೆ ಇವತ್ತಿನ ದರ, ಬೆಟ್ಟೆಗೆ ಖಾಲಿ ಜಾಗ ಕಾಣುವ ಪುಟ ಜನರ ಕಣ್ಣಿಗೆ ಬೀಳುತ್ತದೆ.

ಗಡುವು ಮೀರಿ ನಿಂತ ಓಟ 124 ಎಂಬ ಸಂಕೇತ ಬಿಟ್ಟು ಹೋಗುತ್ತದೆ. ಅದನ್ನು ನೋಡಿ ಎಚ್ಚರಿಸುವ ಏರ್ಪಾಡು ಒಳ್ಳೆಯದೇ, ಆದರೆ ಕ್ರಾನ್ ತಾನೇ ನಿಂತುಹೋದರೆ ಆ ಸಂಕೇತವೂ ಬರುವುದಿಲ್ಲ. ಬೇರೊಂದು ಯಂತ್ರದಿಂದ ಪುಟದ ವಯಸ್ಸನ್ನೇ ನೋಡಿ, ವ್ಯಾಪಾರದ ಹೊತ್ತಿನಲ್ಲಿ 45 ನಿಮಿಷಕ್ಕಿಂತ ಹಳೆಯದಾದರೆ ಯಾರದಾದರೂ ಫೋನಿಗೆ ಸಂದೇಶ ಕಳಿಸುವುದು ಇದಕ್ಕಿಂತ ಗಟ್ಟಿ. ಪುಟದ ಮೇಲೆಯೇ "11:45ರ ದರ" ಎಂದು ದೊಡ್ಡದಾಗಿ ಹಾಕಿದರೆ, ಮೂಟೆ ಹೊರಡಿಸುವ ಮುನ್ನ ಬೆಳೆಗಾರರು ಮಂಡಿಗೆ ಒಂದು ಫೋನ್ ಮಾಡಿ ದರ ಕೇಳಿಕೊಂಡಾರು.