ಗೆಜೆಟ್ ಅಧಿಸೂಚನೆ: ಯಾವ ದಿನಾಂಕ ಲೆಕ್ಕಕ್ಕೆ?

"ಹೊಸ ರೂಲ್ಸ್ ಬಂದಿದೆಯಂತೆ, ನಾಳೆಯಿಂದಲೇ ಜಾರಿಯಂತೆ!" ಆಫೀಸ್ ಗ್ರೂಪಿಗೆ ಇಂಥ ಮೆಸೇಜ್ ಬಂದರೆ ನಾನು ಮೊದಲು egazette.gov.in ತೆರೆದು ಮೂಲ ಅಧಿಸೂಚನೆ ಹುಡುಕ್ತೀನಿ. ಓದೋದು ಕಷ್ಟವೇನಲ್ಲ. ನಮ್ಮ ಫೀಲ್ಡಿನದೇ ಒಂದು ಉದಾಹರಣೆ ನೋಡೋಣ: ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಅನ್ವಯಿಸುವ 2021ರ ಐಟಿ ನಿಯಮಗಳು.

ಪುಟದ ಮೇಲ್ಭಾಗದಲ್ಲಿ 'ಅಸಾಧಾರಣ' ಅಂತಿದೆ. ಅಂದರೆ ವಾರದ ಸಂಚಿಕೆಗೆ ಕಾಯದೆ ಪ್ರತ್ಯೇಕವಾಗಿ ಹೊರಡಿಸಿದ್ದು. ಪಕ್ಕದಲ್ಲೇ ಪ್ರಕಟಣೆಯ ದಿನಾಂಕ: 2021ರ ಫೆಬ್ರವರಿ 25. ಸ್ವಲ್ಪ ಕೆಳಗೆ 'ಅಧಿಸೂಚನೆ' ಅನ್ನೋ ಪದದಡಿ ಸಚಿವಾಲಯ ಹಾಕಿದ ದಿನಾಂಕ ಇರುತ್ತೆ. ಇಲ್ಲಿ ಎರಡೂ ಒಂದೇ. ಆದರೆ ಕೆಲವು ಸಲ ಬೇರೆಬೇರೆ ಇರುತ್ತವೆ. ನಿಯಮದಲ್ಲಿ 'ಪ್ರಕಟವಾದ ದಿನದಿಂದ' ಅಂತ ಇದ್ದರೆ ಮೇಲಿನ ದಿನಾಂಕವನ್ನೇ ಹಿಡೀಬೇಕು.

ಮುಂದೆ ಸಂಖ್ಯೆ: ಜಿ.ಎಸ್.ಆರ್. 139(ಇ). ಜಿ.ಎಸ್.ಆರ್. ಅಂದರೆ ಕೇಂದ್ರ ಸರ್ಕಾರ ಮಾಡಿದ ಸಾಮಾನ್ಯ ಸ್ವರೂಪದ ನಿಯಮ, 'ಇ' ಅಂದರೆ ಅಸಾಧಾರಣ ಸಂಚಿಕೆ. ಇದು ಸಂಸತ್ತು ಪಾಸು ಮಾಡಿದ ಕಾಯ್ದೆ ಅಲ್ಲ, ಕಾಯ್ದೆಯ ಕೆಳಗೆ ಹುಟ್ಟಿದ ಅಧೀನ ಶಾಸನ. ಅದರ ಖಚಿತ ಗುರುತು ಮೊದಲ ವಾಕ್ಯದಲ್ಲೇ ಸಿಗುತ್ತೆ. 2000ದ ಐಟಿ ಕಾಯ್ದೆಯ 87ನೇ ಸೆಕ್ಷನ್ ಕೊಟ್ಟಿರುವ ಅಧಿಕಾರವನ್ನು ಚಲಾಯಿಸಿ ಈ ನಿಯಮ ಮಾಡಿದ್ದೇವೆ ಅಂತ ಸರ್ಕಾರವೇ ಹೇಳುತ್ತೆ. 2011ರ ಹಳೆಯ ನಿಯಮಗಳ ಜಾಗಕ್ಕೆ ಇವು ಬಂದವು ಅನ್ನೋದೂ ಅದೇ ವಾಕ್ಯದಲ್ಲಿದೆ.

ಈಗ ಜಾರಿಯ ಪ್ರಶ್ನೆ. ನಿಯಮ 1ರಲ್ಲಿ 'ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ ಜಾರಿ' ಅಂತಿದೆ. ಬಹಳ ಜನ ಇಲ್ಲಿಗೇ ಓದು ನಿಲ್ಲಿಸ್ತಾರೆ. ಆದರೆ ದೊಡ್ಡ ವೇದಿಕೆಗಳು ಭಾರತದಲ್ಲೇ ವಾಸಿಸುವ ಅಧಿಕಾರಿಗಳನ್ನು ನೇಮಿಸಬೇಕು ಅನ್ನುವ ನಿಯಮ 4 ಬೇರೆ ಗಡುವು ಕೊಡುತ್ತೆ. ಎಷ್ಟು ಬಳಕೆದಾರರಿದ್ದರೆ 'ದೊಡ್ಡ' ವೇದಿಕೆ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಮೂರು ತಿಂಗಳು. ಆ ಸಂಖ್ಯೆ ಇರೋದು ಎಸ್.ಒ. 942(ಇ) ಅನ್ನುವ ಇನ್ನೊಂದು ಅಧಿಸೂಚನೆಯಲ್ಲಿ: ಭಾರತದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರು. ಹಾಗಾಗಿ ನಿಯಮ ಫೆಬ್ರವರಿಯಲ್ಲೇ ಜಾರಿಯಾದರೂ ಈ ಹೊಣೆಯ ಗಡುವು ಮುಗಿದದ್ದು ಮೇ ಕೊನೆಯ ವಾರದಲ್ಲಿ. ಒಂದೇ ಪಿಡಿಎಫ್ ನೋಡಿದವರಿಗೆ ಇದು ತಿಳಿಯೋದೇ ಇಲ್ಲ.

ಅಧೀನ ಶಾಸನ ಅಂತ ಗುರುತಿಸೋದರಿಂದ ಏನು ಲಾಭ? ಮೂಲ ಕಾಯ್ದೆ ಕೊಟ್ಟ ಅಧಿಕಾರವನ್ನು ನಿಯಮ ಮೀರುವಂತಿಲ್ಲ. ಸಂಸತ್ತಿನ ಎರಡೂ ಸದನಗಳ ಮುಂದೆ ಅದನ್ನು ಇಡಬೇಕು, ಸದನಗಳು ಒಪ್ಪಿ ಬದಲಿಸಬಹುದು, ರದ್ದೂ ಮಾಡಬಹುದು. ಕೋರ್ಟಿನಲ್ಲಿ ಪ್ರಶ್ನಿಸಲೂ ಬಹುದು. ಇದೇ ನಿಯಮಗಳಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರಿಗೆ ನೀತಿಸಂಹಿತೆ ವಿಧಿಸುವ 9(1) ಮತ್ತು 9(3)ಕ್ಕೆ ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಮೇಲ್ನೋಟಕ್ಕೆ ಅವು ಮೂಲ ಕಾಯ್ದೆಯ ವ್ಯಾಪ್ತಿ ಮೀರಿವೆ ಅನ್ನೋದು ಒಂದು ಕಾರಣ.

ಆದರೆ ಇಂಥ ತಡೆಯಾಜ್ಞೆ ಮೂಲ ಪಿಡಿಎಫ್‌ನಲ್ಲಿ ಕಾಣೋದಿಲ್ಲ. ಆಮೇಲಿನ ತಿದ್ದುಪಡಿಗಳೂ ಅಷ್ಟೇ, ಪ್ರತ್ಯೇಕ ಅಧಿಸೂಚನೆಗಳಾಗಿ ಬರುತ್ತವೆ. ಅದಕ್ಕೇ ಹಳೆಯ ಪಿಡಿಎಫ್ ಒಂದನ್ನೇ ನಂಬಿ ಕೂರಬೇಡಿ, ಅದರ ಸಂಖ್ಯೆ ಹಿಡಿದು ಮುಂದಿನವನ್ನೂ ಹುಡುಕಿ.