ಮಧ್ಯಾಹ್ನ ಎರಡಕ್ಕೆ ಎಬ್ಬಿಸುವವರು ಯಾರು?

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ವ್ಯಾಪಾರ ನಡೆಯುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ದರ ನೆಲಕಚ್ಚಿದಾಗ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿದು ಹೋದದ್ದೂ ಉಂಟು. ಇಷ್ಟು ಏರಿಳಿಯುವ ಪೇಟೆಯಲ್ಲಿ ಇವತ್ತಿನ ದರ ಇವತ್ತೇ ಗೊತ್ತಾಗಬೇಕು. ನಾಳೆಯ ಲೋಡನ್ನು ಕೋಲಾರಕ್ಕೆ ಕಳಿಸುವುದೋ, ಹತ್ತಿರದ ವಡ್ಡಹಳ್ಳಿ ಮಾರುಕಟ್ಟೆಗೋ ಎಂದು ಮುಳಬಾಗಿಲು ಕಡೆಯ ಬೆಳೆಗಾರ ಸಂಜೆಯೊಳಗೆ ತೀರ್ಮಾನಿಸಬೇಕಾಗುತ್ತದೆ.

ಮಾರುಕಟ್ಟೆಗಳ ದಿನದ ದರಗಳು ಕೇಂದ್ರ ಸರಕಾರದ ಅಗ್‌ಮಾರ್ಕ್‌ನೆಟ್ ವ್ಯವಸ್ಥೆಯಲ್ಲಿ ಸಿಗುತ್ತವೆ. ಅಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರಗಳು ಕ್ವಿಂಟಲ್ ಲೆಕ್ಕದಲ್ಲಿರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಮಾರುಕಟ್ಟೆಗಳ ದರ ತೆಗೆದು, ಕ್ವಿಂಟಲ್‌ಗೆ 4,000 ಎಂದಿದ್ದರೆ ಬಾಕ್ಸ್‌ಗೆ 600 ಎಂದು ಬದಲಿಸಿ, ರೈತರ ಮೊಬೈಲಿಗೆ ಮೆಸೇಜ್ ಕಳಿಸುವ ಪೈಥಾನ್ ಪ್ರೋಗ್ರಾಮ್ ಬರೆಯುವುದು ದೊಡ್ಡ ಕೆಲಸವೇನಲ್ಲ. ಅದನ್ನು ದಿನಾ ಮಧ್ಯಾಹ್ನ ಎರಡು ಗಂಟೆಗೆ ತಪ್ಪದೆ, ಒಂದೇ ಸಲ ಓಡುವಂತೆ ಮಾಡುವುದು ಮಾತ್ರ ಅಂದುಕೊಂಡಷ್ಟು ಸುಲಭವಲ್ಲ.

ಹಳೆಯ ದಾರಿ ಕ್ರಾನ್. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಅದು ಇತ್ತು. ಪಾಲ್ ವಿಕ್ಸಿ 1987ರಲ್ಲಿ ಹೊರತಂದ ಆವೃತ್ತಿಯ ವಂಶವೇ ಇಂದಿನ ಬಹುಪಾಲು ಲಿನಕ್ಸ್ ಸರ್ವರ್‌ಗಳಲ್ಲಿದೆ. ಅದರ ಕೆಲಸ ಸರಳ. ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತದೆ; ಈ ನಿಮಿಷಕ್ಕೆ ಹೊಂದುವ ಸಾಲು ಇದ್ದರೆ ಹೊಸದೊಂದು ಪ್ರೊಸೆಸ್ ಹುಟ್ಟಿಸಿ ಆ ಆಜ್ಞೆಯನ್ನು ಓಡಿಸುತ್ತದೆ; ಮತ್ತೆ ಮಲಗುತ್ತದೆ.

```
0 14 * * * cd /srv/mandi && venv/bin/python fetch.py >> mandi.log 2>&1
```

ಮೊದಲ ಐದು ಜಾಗಗಳು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು ಮತ್ತು ವಾರ. ಮೊದಲ ಸೊನ್ನೆಯನ್ನು ಮರೆತು ಅಲ್ಲಿ ನಕ್ಷತ್ರ ಹಾಕಿದರೆ ಎರಡರಿಂದ ಮೂರು ಗಂಟೆಯವರೆಗೆ ನಿಮಿಷಕ್ಕೊಂದರಂತೆ ಅರವತ್ತು ಸಲ ಓಡುತ್ತದೆ. ಗಡಿಯಾರ ಸರ್ವರ್‌ನದ್ದು ಎಂಬುದೂ ನೆನಪಿರಬೇಕು. ಬಾಡಿಗೆಗೆ ಪಡೆದ ಕ್ಲೌಡ್ ಯಂತ್ರಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ. ಅಲ್ಲಿ 14 ಎಂದು ಬರೆದರೆ ಕೋಲಾರದಲ್ಲಿ ರಾತ್ರಿ ಏಳೂವರೆಗೆ ಮೆಸೇಜ್ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ಬೇಕಾದರೆ `30 8` ಎಂದು ಬರೆಯಬೇಕು.

ಎರಡನೆಯ ದಾರಿಯಲ್ಲಿ ಗಡಿಯಾರ ಪ್ರೋಗ್ರಾಮಿನ ಒಳಗೇ ಇರುತ್ತದೆ. ಪೈಥಾನ್‌ನಲ್ಲಿ ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಲೈಬ್ರರಿಗಳಲ್ಲೊಂದು ಅಲೆಕ್ಸ್ ಗ್ರೋನ್‌ಹೋಮ್ ಬರೆದ `APScheduler`. ಇಲ್ಲಿನ ವಿವರಗಳು ಅದರ ಮೂರನೇ ಸರಣಿಯವು.

```python
sched = BackgroundScheduler(timezone="Asia/Kolkata")
sched.add_job(fetch, "cron", hour=14, id="mandi")
sched.start()
```

ಈ ಮೂರು ಸಾಲುಗಳು ಪ್ರೋಗ್ರಾಮಿನ ಒಳಗೆ ಒಂದು ಪ್ರತ್ಯೇಕ ಥ್ರೆಡ್ ಶುರುಮಾಡುತ್ತವೆ. ಅದು ಕ್ರಾನ್‌ನಂತೆ ನಿಮಿಷಕ್ಕೊಮ್ಮೆ ಏಳುವುದಿಲ್ಲ. ಎಲ್ಲ ಕೆಲಸಗಳ ಮುಂದಿನ ಸಮಯ ನೋಡಿ, ಅತಿ ಹತ್ತಿರದ್ದು ಬರುವ ತನಕ ಮಲಗುತ್ತದೆ; ಎದ್ದೊಡನೆ ಕೆಲಸವನ್ನು ಬೇರೊಂದು ಥ್ರೆಡ್‌ಗೆ ಒಪ್ಪಿಸುತ್ತದೆ. ಸಮಯವಲಯವನ್ನು ಕೋಡಿನಲ್ಲೇ ಹೇಳಿರುವುದರಿಂದ ಯುಟಿಸಿ ಗೊಂದಲ ಇಲ್ಲ. ನಿಮಿಷ ಬರೆಯದಿದ್ದರೆ ಸೊನ್ನೆ ಎಂದೇ ತಿಳಿಯುವುದರಿಂದ ಅರವತ್ತು ಸಲ ಓಡುವ ಅಪಾಯವೂ ಇಲ್ಲ. ಬರೆದವರ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತದೆ.

ತೊಂದರೆ ಕಾಣುವುದು ಸರ್ವರ್‌ಗೆ ಏರಿಸಿದ ಮೇಲೆ. ಅಲ್ಲಿ ಪೈಥಾನ್ ವೆಬ್ ಆ್ಯಪ್ ಒಂದೇ ಪ್ರೊಸೆಸ್ ಆಗಿ ಓಡುವುದು ಅಪರೂಪ. `gunicorn -w 4` ಎಂದರೆ ಒಂದೇ ಆ್ಯಪ್‌ನ ನಾಲ್ಕು ವರ್ಕರ್ ಪ್ರೊಸೆಸ್‌ಗಳು. ಪ್ರತಿಯೊಂದೂ ಕೋಡನ್ನು ತಾನೇ ಓದಿಕೊಂಡು, ಅದರಲ್ಲಿರುವ `sched.start()` ಅನ್ನೂ ನಡೆಸುತ್ತದೆ. ನಾಲ್ಕು ಗಡಿಯಾರಗಳು ಎರಡು ಗಂಟೆಗೆ ಒಟ್ಟಿಗೆ ಹೊಡೆಯುತ್ತವೆ. ಮಾಲೂರಿನ ರೈತನಿಗೆ ಒಂದೇ ದರದ ನಾಲ್ಕು ಮೆಸೇಜ್ ಬರುತ್ತವೆ, ಎಸ್‌ಎಂಎಸ್ ಬಿಲ್ಲು ನಾಲ್ಕು ಪಟ್ಟಾಗುತ್ತದೆ.

ಲೈಬ್ರರಿಯಲ್ಲಿ `max_instances` ಎಂಬ ಮಿತಿ ಇದೆ, ನಾವು ಹೇಳದಿದ್ದರೆ ಅದು 1. ಅದು ಕಾಪಾಡುತ್ತದೆ ಎಂದು ಅನೇಕರು ನಂಬಿರುತ್ತಾರೆ. ಆದರೆ ಆ ಎಣಿಕೆ ನಡೆಯುವುದು ಒಂದು ಪ್ರೊಸೆಸ್‌ನ ಒಳಗೆ ಮಾತ್ರ. ಪಕ್ಕದ ವರ್ಕರ್ ಏನು ಮಾಡುತ್ತಿದೆ ಎಂಬುದು ಅದಕ್ಕೆ ತಿಳಿಯದು. ಕೆಲಸಗಳ ಪಟ್ಟಿಯನ್ನು ಒಂದೇ ಡೇಟಾಬೇಸ್‌ನಲ್ಲಿಟ್ಟು ನಾಲ್ಕೂ ವರ್ಕರ್‌ಗಳಿಗೆ ಹಂಚುವುದೂ ಪರಿಹಾರವಲ್ಲ. ಹಾಗೆ ಹಂಚಿಕೊಳ್ಳುವಂತಿಲ್ಲ ಎಂದು ಮೂರನೇ ಸರಣಿಯ ಕೈಪಿಡಿಯೇ ಹೇಳುತ್ತದೆ. ರೋಗ ಪತ್ತೆಹಚ್ಚುವುದು ಸುಲಭ: ಲಾಗ್‌ನ ಪ್ರತಿ ಸಾಲಿನಲ್ಲೂ `os.getpid()` ಬರೆಸಿದರೆ ಸಾಕು. 14:00:00ರ ಎದುರು ನಾಲ್ಕು ಬೇರೆ ಬೇರೆ ಪ್ರೊಸೆಸ್ ಸಂಖ್ಯೆಗಳು ಕಂಡರೆ ಕಾರಣ ಇದೇ. ಶೆಡ್ಯೂಲರನ್ನು ವೆಬ್ ಆ್ಯಪ್‌ನಿಂದ ಹೊರತೆಗೆದು ಒಂದೇ ಪ್ರೊಸೆಸ್ ಆಗಿ ಬೇರೆ ಓಡಿಸುವುದು ಇದಕ್ಕೆ ಮದ್ದು.

ಕ್ರಾನ್‌ಗೆ ಈ ಕಾಯಿಲೆ ಇಲ್ಲ. ಯಂತ್ರಕ್ಕೆ ಒಂದೇ ಕ್ರಾನ್, ಅದರ ಪಟ್ಟಿಯಲ್ಲಿ ಒಂದೇ ಸಾಲು. ಅದಕ್ಕಿರುವುದು ಬೇರೆ ಕಾಯಿಲೆ. ಕೈಯಾರೆ ಓಡಿಸಿದಾಗ ಸರಿಯಾಗಿದ್ದ ಪ್ರೋಗ್ರಾಮ್ ಕ್ರಾನ್‌ನಲ್ಲಿ ಸದ್ದಿಲ್ಲದೆ ಸೋಲುತ್ತದೆ. ಕ್ರಾನ್ ಕೊಡುವ ಪರಿಸರ ತೀರಾ ಬಡವಾದದ್ದು. ಬಳಕೆದಾರನ ಲಾಗಿನ್‌ನಲ್ಲಿದ್ದ ದಾರಿಗಳು, ಎಸ್‌ಎಂಎಸ್ ಸೇವೆಯ ಗುಪ್ತ ಕೀಲಿ ಇವೆಲ್ಲ ಅಲ್ಲಿರುವುದಿಲ್ಲ. ಮೇಲಿನ ಸಾಲಿನ `venv/bin/python` ಮತ್ತು ಕೊನೆಯ `2>&1` ಇರುವುದು ಇದಕ್ಕೇ. ಮೊದಲನೆಯದು ಯಾವ ಪೈಥಾನ್ ಎಂದು ಹೇಳುತ್ತದೆ, ಎರಡನೆಯದು ದೋಷದ ಸಂದೇಶವನ್ನೂ ಲಾಗ್‌ಗೆ ಸೇರಿಸುತ್ತದೆ.

ಇನ್ನು ಕರೆಂಟಿನ ಪ್ರಶ್ನೆ. ಶ್ರೀನಿವಾಸಪುರದ ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಈ ಪ್ರೋಗ್ರಾಮ್ ಇದೆ ಎಂದುಕೊಳ್ಳೋಣ. ಮಾವಿನ ಸುಗ್ಗಿ, ಮಧ್ಯಾಹ್ನ 1:50ಕ್ಕೆ ಕರೆಂಟು ಹೋಯಿತು, 2:20ಕ್ಕೆ ಬಂತು. ಕ್ರಾನ್ ಮತ್ತೆ ಎದ್ದಾಗ ಎರಡು ಗಂಟೆ ಕಳೆದುಹೋಗಿದೆ. ತಪ್ಪಿದ್ದನ್ನು ಅದು ಹಿಂತಿರುಗಿ ನೋಡುವುದಿಲ್ಲ. ಮುಂದಿನ ಓಟ ನಾಳೆಯೇ. ಆಪರೇಟಿಂಗ್ ಸಿಸ್ಟಮ್‌ನ ಮಟ್ಟದಲ್ಲೇ ಇದಕ್ಕೆ ಉತ್ತರ ಬೇಕಾದರೆ ಸಿಸ್ಟಮ್‌ಡಿ ಟೈಮರ್ ಇದೆ. ಅದರಲ್ಲಿ `Persistent=true` ಎಂದು ಬರೆದರೆ ಯಂತ್ರ ಎದ್ದೊಡನೆ ತಪ್ಪಿದ ಕೆಲಸವನ್ನು ಒಮ್ಮೆ ಮಾಡುತ್ತದೆ.

ಪ್ರೋಗ್ರಾಮಿನ ಒಳಗಿನ ಶೆಡ್ಯೂಲರ್ ಏನು ಮಾಡುತ್ತದೆ? ಕೆಲಸಗಳ ಪಟ್ಟಿ ಮೆಮೊರಿಯಲ್ಲಿದ್ದರೆ ಕರೆಂಟಿನ ಜೊತೆಗೇ ಅದೂ ಹೋಗಿರುತ್ತದೆ, ಎರಡು ಗಂಟೆಯ ನೆನಪೇ ಇರುವುದಿಲ್ಲ. ಪಟ್ಟಿಯನ್ನು ಎಸ್‌ಕ್ಯೂಲೈಟ್ ಫೈಲಿನಲ್ಲಿಟ್ಟಿದ್ದರೆ ನೆನಪಿರುತ್ತದೆ. ಆದರೂ ಓಡದೇ ಇರಬಹುದು. ತಡವಾದ ಕೆಲಸವನ್ನು ಎಷ್ಟು ಸೆಕೆಂಡಿನವರೆಗೆ ಒಪ್ಪಬಹುದು ಎಂಬುದಕ್ಕೆ `misfire_grace_time` ಎಂಬ ಮಿತಿ ಇದೆ. ನಾವು ಹೇಳದಿದ್ದರೆ ಅದು ಒಂದೇ ಸೆಕೆಂಡು. ಇಪ್ಪತ್ತು ನಿಮಿಷ ತಡವಾದದ್ದನ್ನು ಅದು ಕೈಬಿಟ್ಟು, ಲಾಗ್‌ನಲ್ಲಿ `was missed by 0:20:00` ಎಂಬಂಥ ಸಾಲು ಬರೆದು ಸುಮ್ಮನಾಗುತ್ತದೆ. ಮಿತಿಯನ್ನು 3600 ಎಂದಿಟ್ಟರೆ 2:20ಕ್ಕೆ ಕೆಲಸ ನಡೆಯುತ್ತದೆ. ಜೊತೆಗೆ `coalesce=True` ಎಂದರೆ ಹಲವು ಸರದಿಗಳು ತಪ್ಪಿದ್ದರೂ ಒಂದೇ ಸಲ ಓಡುತ್ತದೆ.

ಇಲ್ಲೊಂದು ಒಳಸುಳಿ ಇದೆ. ಪ್ರೋಗ್ರಾಮ್ ಶುರುವಾದಾಗಲೆಲ್ಲ `add_job` ಸಾಲು ಓಡುತ್ತದೆ. ಅದೇ ಹೆಸರಿನ ಕೆಲಸ ಫೈಲಿನಲ್ಲಿ ಈಗಾಗಲೇ ಇರುವುದರಿಂದ ದೋಷ ಬಾರದಿರಲೆಂದು `replace_existing=True` ಸೇರಿಸುವುದು ರೂಢಿ. ಹಾಗೆ ಸೇರಿಸಿದಾಗ ಹಳೆಯ ಕೆಲಸದ ಜಾಗಕ್ಕೆ ಹೊಸದು ಬರುತ್ತದೆ, ಅದರ ಮುಂದಿನ ಸಮಯ ಈಗಿನಿಂದ ಲೆಕ್ಕವಾಗುತ್ತದೆ, ಅಂದರೆ ನಾಳೆ ಎರಡು ಗಂಟೆ. ತಪ್ಪಿದ ಓಟದ ಗುರುತೇ ಅಳಿಸಿಹೋಗುತ್ತದೆ, ಎಚ್ಚರಿಕೆಯ ಸಾಲೂ ಬರುವುದಿಲ್ಲ. ಮೊದಲು `start()` ಕರೆದು, ಆಮೇಲೆ `get_job("mandi")` ಕೇಳಿ, ಅದು ಇಲ್ಲದಿದ್ದರೆ ಮಾತ್ರ ಸೇರಿಸಿದರೆ ಈ ಸುಳಿಯಿಂದ ಪಾರಾಗಬಹುದು.

ವೇಳಾಪಟ್ಟಿ ಬರೆಯುವ ರೀತಿಯಲ್ಲೂ ಎರಡಕ್ಕೂ ವ್ಯತ್ಯಾಸವಿದೆ. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ತಿಂಗಳ ಸಾರಾಂಶ ಕಳಿಸಬೇಕು ಎಂದಿಟ್ಟುಕೊಳ್ಳಿ. ಎರಡನೇ ಶನಿವಾರ ಬರುವುದು 8ರಿಂದ 14ರೊಳಗೆ. ಹಾಗಾಗಿ ಕ್ರಾನ್‌ನಲ್ಲಿ `0 10 8-14 * 6` ಎಂದು ಬರೆಯುವುದು ಸಹಜ. ಆದರೆ ತಾರೀಖು, ವಾರ ಎರಡನ್ನೂ ಹೇಳಿದಾಗ ಕ್ರಾನ್ ಅವುಗಳಲ್ಲಿ ಯಾವುದಾದರೊಂದು ಹೊಂದಿದರೂ ಸಾಕು ಎನ್ನುತ್ತದೆ. ಸಾರಾಂಶ 8ರಿಂದ 14ರವರೆಗೆ ದಿನಾ ಹೋಗುತ್ತದೆ, ಉಳಿದ ಶನಿವಾರಗಳಲ್ಲೂ ಹೋಗುತ್ತದೆ. ಸರಿಪಡಿಸಲು ವಾರವನ್ನು ಆಜ್ಞೆಯಲ್ಲೇ ಪರೀಕ್ಷಿಸಬೇಕು:

```
0 10 8-14 * * [ "$(date +\%u)" = 6 ] && /srv/mandi/summary.sh
```

ಶೇಕಡಾ ಚಿಹ್ನೆಗೆ ಮೊದಲಿರುವ ಓರೆಗೆರೆ ಬಿಟ್ಟರೆ ಕ್ರಾನ್ ಆ ಚಿಹ್ನೆಯನ್ನು ಸಾಲಿನ ಕೊನೆ ಎಂದು ತಿಳಿದು ಆಜ್ಞೆಯನ್ನು ಅಲ್ಲಿಗೇ ಕತ್ತರಿಸುತ್ತದೆ. ಪೈಥಾನ್ ಲೈಬ್ರರಿಯಲ್ಲಿ ಇದಕ್ಕೆ `day="2nd sat", hour=10` ಎಂದರೆ ಮುಗಿಯಿತು. ಅಲ್ಲೂ ಒಂದು ಎಚ್ಚರ ಬೇಕು: ವಾರವನ್ನು ಅಂಕಿಯಲ್ಲಿ ಬರೆಯುವುದಾದರೆ ಕ್ರಾನ್‌ಗೆ ಸೊನ್ನೆ ಎಂದರೆ ಭಾನುವಾರ, `APScheduler`ಗೆ ಸೋಮವಾರ. ಕ್ರಾನ್‌ನ ಅಂಕಿಯನ್ನು ಹಾಗೆಯೇ ನಕಲು ಮಾಡಿದರೆ ಎಲ್ಲವೂ ಒಂದು ದಿನ ಮುಂದಕ್ಕೆ ಸರಿಯುತ್ತದೆ. `sat`, `sun` ಎಂದು ಹೆಸರಿನಲ್ಲೇ ಬರೆದರೆ ಎರಡರಲ್ಲೂ ತಪ್ಪಾಗದು.

ಒಳಗಿನ ಶೆಡ್ಯೂಲರ್ ನಿಜವಾಗಿ ಗೆಲ್ಲುವುದು ಬಳಕೆದಾರರೇ ವೇಳೆ ನಿಗದಿ ಮಾಡುವಾಗ. ಒಬ್ಬರಿಗೆ ಬೆಳಿಗ್ಗೆ ಐದಕ್ಕೆ ಕೋಲಾರದ ದರ ಬೇಕು, ಇನ್ನೊಬ್ಬರಿಗೆ ಸಂಜೆ ಆರಕ್ಕೆ ಮುಳಬಾಗಿಲಿನದು, ಮತ್ತೊಬ್ಬರು ಮಾವಿನ ತಿಂಗಳುಗಳಲ್ಲಿ ಮಾತ್ರ ಶ್ರೀನಿವಾಸಪುರದ್ದನ್ನು ಕೇಳುತ್ತಾರೆ. ಇವನ್ನೆಲ್ಲ ಕ್ರಾನ್ ಪಟ್ಟಿಯಲ್ಲಿ ಬರೆಯಬೇಕಾದರೆ ವೆಬ್ ಆ್ಯಪ್ ಯಂತ್ರದ ಫೈಲುಗಳನ್ನು ತಿದ್ದುತ್ತಾ ಕೂರಬೇಕು, ಅದು ಭದ್ರತೆಗೂ ಒಳ್ಳೆಯದಲ್ಲ. ಓಡುತ್ತಿರುವ ಶೆಡ್ಯೂಲರ್‌ನಲ್ಲಾದರೆ ಅದು ಒಂದು ಫಂಕ್ಷನ್ ಕರೆ. ಹತ್ತು ಸೆಕೆಂಡಿಗೊಮ್ಮೆ ಮಾಡುವ ಕೆಲಸವೂ ಇಲ್ಲಿ ಸಾಧ್ಯ, ಕ್ರಾನ್‌ಗೆ ನಿಮಿಷಕ್ಕಿಂತ ಚಿಕ್ಕ ಅಳತೆ ಇಲ್ಲ.

ಹಾಗಾಗಿ ನಾಲ್ಕು ಮಾರುಕಟ್ಟೆಗಳ ಈ ಆ್ಯಪ್‌ಗೆ ಹೊಂದುವುದು ಕೆಲಸದ ಹಂಚಿಕೆ. ದರ ತರುವುದು ದಿನಕ್ಕೊಂದೇ ಸಲ, ಅದರ ವೇಳೆ ಬದಲಾಗುವುದಿಲ್ಲ. ಅದನ್ನು ಕ್ರಾನ್‌ಗೋ ಸಿಸ್ಟಮ್‌ಡಿ ಟೈಮರ್‌ಗೋ ಬಿಡಬಹುದು. ರೈತರು ಕೇಳಿದ ವೇಳೆಗೆ ಮೆಸೇಜ್ ಕಳಿಸುವುದನ್ನು, ವೆಬ್ ವರ್ಕರ್‌ಗಳಿಂದ ದೂರ, ಸಿಸ್ಟಮ್‌ಡಿ ಕಾಯುವ ಒಂದೇ ಪ್ರೊಸೆಸ್‌ನಲ್ಲಿ `BlockingScheduler` ನಡೆಸಬಹುದು. ಎರಡರಲ್ಲಿ ಯಾವುದು ಎರಡು ಸಲ ಓಡಿದರೂ ಹಾನಿಯಾಗದಂತೆ ಡೇಟಾಬೇಸ್‌ನಲ್ಲಿ ಎರಡು ತಡೆಗಳಿರಬೇಕು: ದಿನಾಂಕ, ಮಾರುಕಟ್ಟೆ, ಬೆಳೆ ಈ ಮೂರೂ ಸೇರಿದ ದರದ ಸಾಲು ಒಂದೇ ಇರಲಿ, ದಿನಾಂಕ, ಮೊಬೈಲ್ ಸಂಖ್ಯೆ, ಮಾರುಕಟ್ಟೆ ಸೇರಿದ ಮೆಸೇಜ್ ಸಾಲೂ ಒಂದೇ ಇರಲಿ. ಮೆಸೇಜ್ ಸಾಲನ್ನು ಮೊದಲು ಬರೆದು, ಅದು ಯಶಸ್ವಿಯಾದರೆ ಮಾತ್ರ ಎಸ್‌ಎಂಎಸ್ ಕಳಿಸಿದರೆ, ಅದೇ ಕೆಲಸಕ್ಕೆ ಎರಡನೆಯ ಸಲ ಬಂದ ಪ್ರೊಸೆಸ್‌ಗೆ ಡೇಟಾಬೇಸ್ ಅಲ್ಲೇ ಬಾಗಿಲು ಹಾಕುತ್ತದೆ.