ದರ್ಶಿನಿಯ ಬಾಗಿಲು: ತೆರೆಯುವ ಕ್ರಮ, ಮುಚ್ಚುವ ಕ್ರಮ

ಬೆಂಗಳೂರಿನ ದರ್ಶಿನಿಯೊಂದು ಬೆಳಗ್ಗೆ 6ಕ್ಕೆ ಗಿರಾಕಿಗಳಿಗೆ ಬಾಗಿಲು ತೆರೆಯಬೇಕಾದರೆ ಅಡುಗೆಮನೆಯ ಕೆಲಸ ನಾಲ್ಕೂವರೆಗೆ ಶುರುವಾಗಬೇಕು. ಆ ಹೊತ್ತಿಗೆ ಮಾಲೀಕರು ಬರುವುದಿಲ್ಲ. ಕೀಲಿಕೈ ಇರುವುದು ಬೆಳಗಿನ ಪಾಳಿಯ ಮೇಲ್ವಿಚಾರಕರ ಬಳಿ, ಅಂದರೆ ಈಚೆಗೆ ಶಿಫ್ಟ್ ಲೀಡರ್ ಎಂದು ಕರೆಸಿಕೊಳ್ಳುವವರ ಬಳಿ. ರಾತ್ರಿ ಹತ್ತರ ನಂತರ ಬೀಗ ಹಾಕುವವರು ಇನ್ನೊಬ್ಬರು. ಇವರಿಬ್ಬರೂ ಮುಖಾಮುಖಿಯಾಗುವುದೇ ಅಪರೂಪ. ರಾತ್ರಿಯವರು ಬಿಟ್ಟುಹೋದ ಸ್ಥಿತಿಯಲ್ಲೇ ಬೆಳಗಿನವರು ಅಡುಗೆಮನೆಯನ್ನು ಕೈಗೆತ್ತಿಕೊಳ್ಳಬೇಕು. ಹೋಟೆಲುಗಳಲ್ಲಿ ಎಸ್‌ಒಪಿ ಎಂಬ ಹೆಸರಿನಲ್ಲಿ ಗೋಡೆಗೆ ಅಂಟಿಸುವ ಪಟ್ಟಿ ಇವರಿಬ್ಬರ ನಡುವಿನ ಒಪ್ಪಂದ.

ಈ ಪಟ್ಟಿಯಲ್ಲಿ ಯಾವ ಕೆಲಸ ಇದೆ ಎಂಬುದಕ್ಕಿಂತ ಯಾವುದರ ನಂತರ ಯಾವುದು ಎಂಬುದು ಮುಖ್ಯ. ಬೆಳಗಿನ ಮೊದಲ ಐದು ನಿಮಿಷದಲ್ಲೇ ಅದು ಗೊತ್ತಾಗುತ್ತದೆ. ಶಟರ್ ಎತ್ತಿದವರ ಕೈ ತಾನಾಗಿ ಹೋಗುವುದು ಲೈಟಿನ ಸ್ವಿಚ್ಚಿಗೆ. ಆದರೆ ಅಡುಗೆಮನೆಯಲ್ಲಿ ಮೊದಲು ಕೆಲಸ ಮಾಡಬೇಕಾದದ್ದು ಮೂಗು. ಎಲ್‌ಪಿಜಿ ಗಾಳಿಗಿಂತ ಭಾರ. ರಾತ್ರಿಯೆಲ್ಲ ಸೋರಿದ್ದರೆ ಅದು ನೆಲಮಟ್ಟದಲ್ಲಿ, ಒಲೆಯ ಕಟ್ಟೆಯ ಕೆಳಗೆ, ಚರಂಡಿಯ ಗುಂಡಿಯಲ್ಲಿ ನಿಂತಿರುತ್ತದೆ. ಅನಿಲಕ್ಕೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದೇ ಅದಕ್ಕೆ ನಾರುವ ರಾಸಾಯನಿಕ ಬೆರೆಸಿರುತ್ತಾರೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಹಾಕುವುದಷ್ಟೇ ಅಲ್ಲ, ಉರಿಯುತ್ತಿರುವುದನ್ನು ಆರಿಸಿದರೂ ಕಿಡಿ ಹಾರಬಹುದು. ಎಕ್ಸಾಸ್ಟ್ ಫ್ಯಾನಿಗೂ ಇದೇ ಮಾತು. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಹೊರಗಿರುವ ಸಿಲಿಂಡರುಗಳ ವಾಲ್ವ್ ಮುಚ್ಚಿ, ಎಲ್ಲರನ್ನೂ ಆಚೆ ನಿಲ್ಲಿಸಿ, ಅಲ್ಲಿಂದಲೇ ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಬೇಕು.

ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ ದೀಪ, ಆಮೇಲೆ ಎಕ್ಸಾಸ್ಟ್. ಒಲೆಯ ನಾಬ್‌ಗಳೆಲ್ಲ ಮುಚ್ಚಿವೆಯೇ ಎಂದು ಕೈಯಿಂದ ತಿರುಗಿಸಿ ನೋಡಿಕೊಂಡು, ಕೊನೆಗೆ 19 ಕಿಲೋ ಸಿಲಿಂಡರಿನ ವಾಲ್ವ್ ತೆರೆಯುವುದು. ಸಿಲಿಂಡರ್ ಬದಲಾಯಿಸಿದ ದಿನ ಜೋಡಣೆಯ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ಪರೀಕ್ಷಿಸುವ ಹಳಬರು ಈಗಲೂ ಇದ್ದಾರೆ. ಅನುಭವ ಎಷ್ಟೇ ಇರಲಿ, ಅದಕ್ಕೆ ಅವಕಾಶ ಕೊಡಬಾರದು.

ಒಲೆ ಹೊತ್ತಿ ಇಡ್ಲಿ ಬಾಯ್ಲರಿನ ನೀರು ಕಾಯುವಷ್ಟರಲ್ಲಿ ಶಿಫ್ಟ್ ಲೀಡರ್ ನೋಡಬೇಕಾದ್ದು ಹಿಟ್ಟಿನ ಪಾತ್ರೆ ಮತ್ತು ಫ್ರಿಜ್. ಹಿಟ್ಟು ಉಬ್ಬಿದೆಯೇ ಎಂಬುದರ ಮೇಲೆ ಬೆಳಗಿನ ವ್ಯಾಪಾರ ನಿಂತಿದೆ. ಡಿಸೆಂಬರಿನ ಚಳಿಯಲ್ಲಿ ಸಂಜೆ ಆರಕ್ಕೆ ರುಬ್ಬಿದ ಹಿಟ್ಟು ಬೆಳಗಿನ ಐದಕ್ಕೂ ಹುದುಗು ಬಾರದೆ ಕೂತಿರುತ್ತದೆ. ಆದ್ದರಿಂದ ರುಬ್ಬಿದ ಹೊತ್ತನ್ನು ರಾತ್ರಿಯವರು ಪಾತ್ರೆಯ ಮೇಲೇ ಬರೆದಿಡುವುದು ಒಳ್ಳೆಯ ಪದ್ಧತಿ. ಹಿಟ್ಟು ಬಂದಿಲ್ಲವಾದರೆ ಭಟ್ಟರಿಗೆ ಆಗಲೇ ಹೇಳಿ, ಮೊದಲ ಗಂಟೆ ಉಪ್ಪಿಟ್ಟು, ಪೊಂಗಲ್‌ಗಳಲ್ಲಿ ದಾಟಿಸಬಹುದು. ಆರೂಕಾಲಿಗೆ ಗಟ್ಟಿ ಇಡ್ಲಿ ಗಿರಾಕಿಯ ತಟ್ಟೆಗೆ ಬಿದ್ದ ಮೇಲೆ ಗೊತ್ತಾದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಫ್ರಿಜ್ಜಿನದು ಬೇರೆ ಲೆಕ್ಕ. ತಣ್ಣಗಿಡುವ ಪದಾರ್ಥ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿರಬೇಕು, ಬಿಸಿಯಾಗಿ ಬಡಿಸುವುದು 60 ಡಿಗ್ರಿಗಿಂತ ಮೇಲಿರಬೇಕು. ರೋಗಾಣುಗಳು ಬೆಳೆಯುವುದು ಇವೆರಡರ ನಡುವೆ. ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ 4 ಡಿಗ್ರಿ ತೋರಿಸುತ್ತಿತ್ತು, ಬೆಳಗ್ಗೆ ಯಾರೂ ಮುಟ್ಟುವ ಮುಂಚೆಯೇ 9 ಇದೆ ಎಂದುಕೊಳ್ಳೋಣ. ಬಾಗಿಲು ಸರಿಯಾಗಿ ಕೂತಿರಲಿಲ್ಲ, ಇಲ್ಲವೇ ಕರೆಂಟು ಹೋಗಿತ್ತು, ಇಲ್ಲವೇ ಯಂತ್ರ ಕೆಟ್ಟಿದೆ. ಬಾಗಿಲು ತೆರೆಯದೆ ಇದ್ದರೆ ಕರೆಂಟು ಹೋದ ಮೇಲೂ ಸುಮಾರು ನಾಲ್ಕು ಗಂಟೆ ಫ್ರಿಜ್ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ, ಅಥವಾ ಎಷ್ಟು ಹೊತ್ತು ಹೋಗಿತ್ತೆಂದು ಯಾರಿಗೂ ಗೊತ್ತಿಲ್ಲವಾದರೆ, ಹಾಲು, ಪನೀರ್, ಬೇಯಿಸಿದ ಪಲ್ಯವನ್ನು ಮೂಸಿ ನೋಡಿ ಪಾಸು ಮಾಡುವುದು ತಪ್ಪು. ಕಾಯಿಲೆ ತರುವ ಎಷ್ಟೋ ಬ್ಯಾಕ್ಟೀರಿಯಾಗಳು ವಾಸನೆಯನ್ನಾಗಲೀ ರುಚಿಯನ್ನಾಗಲೀ ಕೆಡಿಸುವುದಿಲ್ಲ. ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಡುವ ಉಪಾಯವಿದೆ. ಬೆಳಗ್ಗೆ ನಾಣ್ಯ ಮಂಜಿನೊಳಗೆ ಇಳಿದಿದ್ದರೆ, ರಾತ್ರಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ.

ಇನ್ನುಳಿದ ಬೆಳಗಿನ ಕೆಲಸಗಳು ಬೇಗ ಮುಗಿಯುವಂಥವು. ಡಿಕಾಕ್ಷನ್ ಇಳಿಯಲು ಹೊತ್ತು ಬೇಕಾದ್ದರಿಂದ ಅದನ್ನು ಮೊದಲೇ ಹಾಕಬೇಕು. ಬಂದ ಹಾಲಿನ ಪ್ಯಾಕೆಟ್ಟುಗಳ ದಿನಾಂಕ ನೋಡಿ, ನಿನ್ನೆಯದನ್ನು ಮುಂದಿಟ್ಟು ಇವತ್ತಿನದನ್ನು ಹಿಂದಿಡಬೇಕು. ಹಾಜರಾತಿ ತೆಗೆದುಕೊಳ್ಳುವಾಗ ವಾಂತಿ, ಭೇದಿ, ಕಾಮಾಲೆಯ ಲಕ್ಷಣವಿರುವವರನ್ನು, ಕೈಯಲ್ಲಿ ಕೀವಾದ ಗಾಯವಿರುವವರನ್ನು ಅಡುಗೆಯಿಂದ ದೂರವಿಡಬೇಕು. ಸಂಬಳ ಕಡಿತವಾಗುತ್ತದೆಂಬ ಭಯವಿದ್ದಲ್ಲಿ ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ ಎಂಬುದು ಮಾತ್ರ ಯಾವ ಪಟ್ಟಿಯಲ್ಲೂ ಬರೆಯದ ಸತ್ಯ.

ಮುಚ್ಚುವ ಕೆಲಸ ಶುರುವಾಗುವುದು ಹತ್ತಕ್ಕಲ್ಲ, ಎಂಟೂವರೆಗೆ. ಆಗಲೇ ಶಿಫ್ಟ್ ಲೀಡರ್ ಸಾಂಬಾರಿನ ಕೊಪ್ಪರಿಗೆಯೊಳಗೆ ಇಣುಕಿ, ಇನ್ನೊಂದು ಸಲ ಕುದಿಸಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ರಾತ್ರಿಯ ಕಷ್ಟಗಳಲ್ಲಿ ಹೆಚ್ಚಿನವು ಹುಟ್ಟುವುದು ಉಳಿದ ಅಡುಗೆಯಿಂದ. ಇಪ್ಪತ್ತು ಲೀಟರ್ ಸಾಂಬಾರು ಉಳಿಯಿತೆಂದು ಕೊಪ್ಪರಿಗೆಯ ಮುಚ್ಚಳ ಹಾಕಿ ಹಾಗೇ ಬಿಟ್ಟರೆ, ಮೇಲ್ಭಾಗ ತಣ್ಣಗಾದರೂ ನಡುಭಾಗ ಬೆಳಗಿನವರೆಗೂ ಉಗುರುಬೆಚ್ಚಗೆ ಇರುತ್ತದೆ. ಬೇಯಿಸಿದಾಗ ಸಾಯದೆ ಉಳಿದ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆಯಲು ಆ ಬಿಸಿಯೇ ಬೇಕು. ಬಿಸಿಯನ್ನೇ ಫ್ರಿಜ್ಜಿಗೆ ತಳ್ಳಿದರೆ ಪಕ್ಕದ ಹಾಲೂ ಬೆಚ್ಚಗಾಗುತ್ತದೆ.

ಸಾಂಬಾರನ್ನು ಉಳಿಸಲೇಬೇಕಾದರೆ ಅಗಲದ ತಟ್ಟೆಗಳಿಗೆ ಎರಡು ಅಂಗುಲಕ್ಕಿಂತ ಆಳವಿಲ್ಲದಂತೆ ಹಂಚಿ, ಐಸ್ ಹಾಕಿದ ನೀರಿನಲ್ಲಿ ಇಟ್ಟು ಆಗಾಗ ಕದಡಬೇಕು. 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮತ್ತೆ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಹತ್ತು ಗಂಟೆಗೆ ಈ ಕೆಲಸ ಹಿಡಿದರೆ ಹನ್ನೆರಡರವರೆಗೆ ಥರ್ಮಾಮೀಟರ್ ಹಿಡಿದು ಒಬ್ಬರು ಕಾಯಬೇಕು. ಬಹುಪಾಲು ದರ್ಶಿನಿಗಳಿಗೆ ಇದು ಆಗದ ಮಾತು. ಹಾಗಾಗಿ ಎಂಟೂವರೆಯ ಅಂದಾಜು ಸರಿಯಾಗಿ ಮಾಡಿ, ಉಳಿದದ್ದನ್ನು ಚೆಲ್ಲುವುದೇ ಅಗ್ಗ. ಅನ್ನದ ವಿಷಯದಲ್ಲಂತೂ ಅನುಮಾನವೇ ಬೇಡ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಾಂತಿಕಾರಕ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ರಾತ್ರಿಯ ಅನ್ನ ಬೆಳಗಿನ ಚಿತ್ರಾನ್ನವಾಗುವ ಮನೆಯ ಪದ್ಧತಿ ನೂರಾರು ಜನ ತಿನ್ನುವ ಹೋಟೆಲಿಗೆ ಒಗ್ಗುವುದಿಲ್ಲ. ಕಾಯಿಚಟ್ನಿಯನ್ನೂ ಉಳಿಸುವಂತಿಲ್ಲ.

ಕರಿದ ಎಣ್ಣೆಗೆ ಕಾನೂನೇ ಇದೆ. 2018ರ ಜುಲೈಯಿಂದ, ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. ಅಳೆಯುವ ಮೀಟರ್ ಇಲ್ಲದ ಕಡೆ ಕಪ್ಪು ಬಣ್ಣ, ಜಿಗುಟು, ವಡೆ ಹಾಕಿದ ಕೂಡಲೇ ಏಳುವ ನೊರೆ, ಬೇಗ ಬರುವ ಹೊಗೆ ಇವೇ ಸೂಚನೆ. ನಿನ್ನೆಯ ಎಣ್ಣೆಗೆ ಹೊಸದನ್ನು ಸುರಿದರೆ ಹಳೆಯದು ಸರಿಹೋಗುವುದಿಲ್ಲ, ಹೊಸದು ಬೇಗ ಕೆಡುತ್ತದೆ.

ತೊಳೆಯುವ ಕೆಲಸ ಮೇಲಿನಿಂದ ಕೆಳಕ್ಕೆ ನಡೆಯಬೇಕು: ಚಿಮಣಿಯ ಜಾಲರಿ, ಕಟ್ಟೆ, ಒಲೆ, ಕೊನೆಗೆ ನೆಲ. ಗ್ರೈಂಡರಿನ ಕಲ್ಲನ್ನು ಎತ್ತಿ ಅದರ ಬುಡ ತೊಳೆದಿದ್ದಾರೆಯೇ ಎಂದು ಬೆರಳಾಡಿಸಿ ನೋಡಬೇಕು, ಏಕೆಂದರೆ ಹಿಟ್ಟು ಒಣಗಿ ಜಿರಲೆಗೆ ಊಟವಾಗುವುದು ಅಲ್ಲೇ. ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ಹೊರಗೆ ಹೋದ ಮೇಲೆಯೇ ನೆಲ ತೊಳೆಸಬೇಕು. ಮೊದಲೇ ತೊಳೆಸಿದರೆ ಚೀಲದಿಂದ ಸೋರಿದ್ದು ಮತ್ತೆ ಅದೇ ನೆಲದ ಮೇಲೆ ಬೀಳುತ್ತದೆ.

ಅತ್ತ ಒಬ್ಬರು ತೊಳೆಸುತ್ತಿರುವಾಗ ಇತ್ತ ಗಲ್ಲಾದ ಲೆಕ್ಕ ನಡೆಯುತ್ತದೆ. ಬೆಳಗ್ಗೆ ಚಿಲ್ಲರೆಗೆಂದು ₹3,000 ಇಟ್ಟಿದ್ದರು ಎನ್ನೋಣ. ಬಿಲ್ಲಿಂಗ್ ಯಂತ್ರದ ಪ್ರಕಾರ ದಿನದ ವ್ಯಾಪಾರ ₹46,280. ಅದರಲ್ಲಿ ಯುಪಿಐ ₹29,840, ನಗದು ₹16,440. ಕೊತ್ತಂಬರಿ, ಬಾಳೆಎಲೆಗೆ ಗಲ್ಲಾದಿಂದ ಕೊಟ್ಟದ್ದು ₹760, ಚೀಟಿ ಇದೆ. ಹಾಗಾದರೆ ಪೆಟ್ಟಿಗೆಯಲ್ಲಿ ₹18,680 ಇರಬೇಕು. ಎಣಿಸಿದರೆ ಇರುವುದು ₹18,500. ₹180 ಕಡಿಮೆ.

ಇಲ್ಲಿ ಕ್ಯಾಷಿಯರ್ ಮೇಲೆ ರೇಗುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ಯುಪಿಐ ಮೊತ್ತ ನೋಡಬೇಕು. ಅಲ್ಲಿ ₹30,020 ಇದ್ದರೆ, ಯಂತ್ರ ಹೇಳಿದ್ದಕ್ಕಿಂತ ಸರಿಯಾಗಿ ₹180 ಹೆಚ್ಚು. ನಗದಿನಲ್ಲಿ ಕಡಿಮೆಯಾದಷ್ಟೇ ಯುಪಿಐನಲ್ಲಿ ಹೆಚ್ಚಾಗಿದೆ. ಗಿರಾಕಿ ಫೋನಿನಿಂದ ಕೊಟ್ಟ ₹180ರ ಬಿಲ್ಲಿಗೆ ಕ್ಯಾಷಿಯರ್ ಗಡಿಬಿಡಿಯಲ್ಲಿ ನಗದಿನ ಗುಂಡಿ ಒತ್ತಿದ್ದಾರೆ ಎಂದು ತಿಳಿಯಬಹುದು. ಹಣ ಎಲ್ಲೂ ಹೋಗಿಲ್ಲ. ಯುಪಿಐ ಮೊತ್ತ ಸರಿಯಿದ್ದು ನಗದು ಮಾತ್ರ ಕಡಿಮೆಯಿದ್ದರೆ ಅದು ನಿಜವಾದ ಕೊರತೆ. ತಪ್ಪಾಗಿ ಕೊಟ್ಟ ಚಿಲ್ಲರೆ, ಚೀಟಿ ಬರೆಯದ ಖರ್ಚು, ಅಥವಾ ಕಳ್ಳತನ. ಎಣಿಕೆಗೆ ಇಬ್ಬರು ಕೂರಬೇಕು, ಇಬ್ಬರೂ ಸಹಿ ಹಾಕಬೇಕು. ಕೊರತೆಯನ್ನು ಸ್ವಂತ ಜೇಬಿನಿಂದ ತುಂಬಿ ಲೆಕ್ಕ ಸರಿಮಾಡುವವರನ್ನು ಪ್ರಾಮಾಣಿಕರೆಂದು ಹೊಗಳುವುದುಂಟು, ಆದರೆ ಅದರಿಂದ ತಪ್ಪಿನ ಮೂಲವೇ ಮುಚ್ಚಿಹೋಗುತ್ತದೆ.

ಗ್ಯಾಸ್ ನಿಲ್ಲಿಸುವ ಕ್ರಮ ಬೆಳಗಿನದರ ತಿರುವು. ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಪೈಪಿನಲ್ಲಿ ಉಳಿದ ಅನಿಲ ಉರಿದು ಒಲೆ ತಾನಾಗಿ ಆರಿದ ಮೇಲೆ ನಾಬ್ ಮುಚ್ಚಬೇಕು. ಬರೀ ನಾಬ್ ಮುಚ್ಚಿ ಹೋದರೆ ರಾತ್ರಿಯಿಡೀ ಪೈಪಿನಲ್ಲಿ ಅನಿಲದ ಒತ್ತಡ ನಿಂತಿರುತ್ತದೆ.

ಕೊನೆಯದು ಹಸ್ತಾಂತರದ ಪುಸ್ತಕ. ಇದರಲ್ಲಿ ಟಿಕ್ ಹಾಕುವ ಚೌಕಗಳಿಗಿಂತ ಅಂಕಿ ಬರೆಯುವ ಜಾಗ ಹೆಚ್ಚಿರಬೇಕು. ‘ಫ್ರಿಜ್ ನೋಡಿದೆ’ ಎಂಬುದಕ್ಕೆ ನೋಡದೆಯೂ ಟಿಕ್ ಹಾಕಬಹುದು. ‘ಫ್ರಿಜ್ 4 ಡಿಗ್ರಿ, 10.40’ ಎಂದು ಬರೆಯಲು ಹತ್ತಿರ ಹೋಗಬೇಕಾಗುತ್ತದೆ. ತಿಂಗಳಿಡೀ ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಓರೆಯ ಅಕ್ಷರ ಕಂಡರೆ ಆ ಪುಟಗಳನ್ನು ಒಂದೇ ಸಲ ಕೂತು ತುಂಬಿಸಿದ್ದಾರೆಂದು ತಿಳಿಯಬೇಕು. ‘ಹಿಟ್ಟು ರುಬ್ಬಿದ್ದು 6.30. ಎರಡನೇ ಒಲೆಯ ನಾಬ್ ಸಡಿಲ, ಬಳಸಬೇಡಿ. ಚಿಲ್ಲರೆ 3,000 ಎಣಿಸಿಟ್ಟಿದೆ. ನಾಳೆ ಹಾಲು 10 ಲೀಟರ್ ಹೆಚ್ಚು’ ಎಂಬ ನಾಲ್ಕು ಸಾಲು, ಕೆಳಗೊಂದು ಸಹಿ, ಅಷ್ಟಿದ್ದರೆ ಬೆಳಗಿನವರು ನಾಲ್ಕೂವರೆಗೆ ಯಾರಿಗೂ ಫೋನ್ ಮಾಡಬೇಕಾಗುವುದಿಲ್ಲ.